ಅಡ್ಮಿಷನ್ ರೀಲ್‌ಗೆ ಸ್ಕ್ರಿಪ್ಟ್ ಬರೆದಿದ್ದೇನೆ, ಎಲ್ಲಿ ತಪ್ಪಿದೆ ನೋಡಿ ಹೇಳಿ (ಸಂಗೀತ ಮತ್ತು ನೃತ್ಯ ಎರಡೂ ಇವೆ)

ತಂಬೂರಿ_ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಅಕಾಡೆಮಿ. ನಾನು ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ, ಜೊತೆಗಿರುವ ಟೀಚರ್ ಭರತನಾಟ್ಯ ಹೇಳಿಕೊಡುತ್ತಾರೆ. ಹೊಸ ಬ್ಯಾಚ್ ಶುರುವಾಗುವ ಮೊದಲು ಒಂದು ರೀಲ್ ಹಾಕಬೇಕು. ಯಾವ ಹಂತದ ಕ್ಲಾಸುಗಳಿವೆ, ಯಾವ ಹೊತ್ತಿಗೆ ಇವೆ, ಮಕ್ಕಳು ವೇದಿಕೆ ಮೇಲೆ ಹೇಗೆ ಮಾಡಿದರು ಎಂಬ ಮೂರೂ ಅದರಲ್ಲಿ ಬರಬೇಕು. 45 ಸೆಕೆಂಡಿಗೆ ಹೀಗೆ ಬರೆದಿದ್ದೇನೆ:

0–5: ದೀಪ, ಲೋಗೋ, ಅಕಾಡೆಮಿ ಹೆಸರು.
5–15: ನಾನು ಕ್ಯಾಮೆರಾ ಮುಂದೆ ಮಾತಾಡುತ್ತೇನೆ. "ನಮ್ಮಲ್ಲಿ ಪ್ರಾರಂಭಿಕ, ಮಧ್ಯಮ, ಉನ್ನತ ಎಂಬ ಮೂರು ಹಂತಗಳಿವೆ…"
15–25: ಮಕ್ಕಳು ಹಾಡುತ್ತಿರುತ್ತಾರೆ, ಮೇಲೆ ನನ್ನ ಮಾತು ಮುಂದುವರಿಯುತ್ತದೆ.
25–35: ವಾರ್ಷಿಕೋತ್ಸವದ ನೃತ್ಯ.
35–45: ಆರು ಬ್ಯಾಚ್‌ಗಳ ದಿನ, ಸಮಯ, ಫೋನ್ ನಂಬರ್. ಪರದೆಯ ಕೆಳಗಡೆ.

ನನ್ನ ಮಾತು ಒಟ್ಟು 118 ಪದ. ಓದಿ ನೋಡಿದರೆ ಉಸಿರು ಸಾಲುತ್ತಿಲ್ಲ. ಯಾವುದನ್ನು ತೆಗೆಯಲಿ?

ಶಾರ್ಟ್_ಸಾಕು

ಮೇಡಂ, ನಾನು ನಾಲ್ಕೈದು ಅಂಗಡಿಗಳ ಪೇಜ್ ನೋಡಿಕೊಳ್ಳುತ್ತೇನೆ. ಅನುಭವದಿಂದ ಹೇಳ್ತೀನಿ, ಮೊದಲ 5 ಸೆಕೆಂಡಿನ ಲೋಗೋ ತೆಗೆಯಿರಿ. ಗುರುತಿಲ್ಲದ ಹೆಸರು ನೋಡುತ್ತಾ ಯಾರೂ ಕೂರಲ್ಲ, ಬೆರಳು ಮೇಲಕ್ಕೆ ಹೋಗಿರುತ್ತದೆ. ಒಟ್ಟು 15 ಸೆಕೆಂಡ್ ಸಾಕು. ಈಗ ಓಡುತ್ತಿರುವ ಸಿನಿಮಾ ಹಾಡು ಹಿಂದೆ ಹಾಕಿ, ಡ್ಯಾನ್ಸ್‌ನ ಒಳ್ಳೇ ಶಾಟ್ ನಾಲ್ಕು, ಕೊನೆಗೆ ನಂಬರ್. ಮುಗೀತು.

ಆದಿತಾಳ_8

ಲೋಗೋ ವಿಷಯದಲ್ಲಿ ಇವರು ಹೇಳಿದ್ದು ಪೂರ್ತಿ ಸರಿ. ಸಿನಿಮಾ ಹಾಡಿನ ಮಾತು ಮಾತ್ರ ಒಪ್ಪಲಾರೆ. ಇದು ಸಂಗೀತ ಹೇಳಿಕೊಡುವ ಜಾಗ. ಮಕ್ಕಳ ದನಿಯನ್ನೇ ಮುಚ್ಚಿಬಿಟ್ಟರೆ ನೋಡುವವರಿಗೆ ತೋರಿಸುವುದು ಏನನ್ನು? ಇನ್ನೊಂದು ತೊಂದರೆ ಇದೆ. ಬಿಸಿನೆಸ್ ಅಕೌಂಟ್‌ಗೆ ಎಷ್ಟೋ ಸಿನಿಮಾ ಹಾಡುಗಳು ಸಿಗುವುದೇ ಇಲ್ಲ. ಹೊರಗಿನಿಂದ ತಂದು ಸೇರಿಸಿದರೆ ಹಕ್ಕಿನ ಕಾರಣಕ್ಕೆ ರೀಲ್‌ನ ಸದ್ದು ತೆಗೆದುಹಾಕಬಹುದು. ನಿಮ್ಮ ಮಕ್ಕಳು ಹಾಡಿದ್ದನ್ನು ನೀವೇ ರೆಕಾರ್ಡ್ ಮಾಡಿದರೆ ಆ ಚಿಂತೆ ಇರುವುದಿಲ್ಲ.

ನಾನು ಮೃದಂಗ ನುಡಿಸುತ್ತೇನೆ, ವಿಡಿಯೋ ಎಡಿಟಿಂಗ್ ನನ್ನ ಹೊಟ್ಟೆಪಾಡು. ಹಾಗಾಗಿ ಸೆಕೆಂಡ್ ಲೆಕ್ಕ ಬಿಟ್ಟು ತಾಳದ ಲೆಕ್ಕದಲ್ಲಿ ಯೋಚಿಸಿ ಅಂತ ಹೇಳುತ್ತೇನೆ.

ಆದಿತಾಳಕ್ಕೆ 8 ಅಕ್ಷರ. ನಿಮಿಷಕ್ಕೆ 80 ಅಕ್ಷರದ ನಡೆ ಇಟ್ಟುಕೊಂಡರೆ ಒಂದು ಆವರ್ತನಕ್ಕೆ ಸರಿಯಾಗಿ 6 ಸೆಕೆಂಡ್. ಈಗ ಸರಳೆ ವರಸೆಯ ಮೊದಲ ಸಾಲು ನೋಡಿ. ಒಂದನೇ ಕಾಲದಲ್ಲಿ ಸ ರಿ ಗ ಮ ಪ ದ ನಿ ಸ, ಅಕ್ಷರಕ್ಕೊಂದು ಸ್ವರ. ಒಂದು ಆವರ್ತನದಲ್ಲಿ ಮುಗಿಯುತ್ತದೆ. ಎರಡನೇ ಕಾಲದಲ್ಲಾದರೆ ಅದೇ 6 ಸೆಕೆಂಡಿನಲ್ಲಿ ಹತ್ತಿ ಇಳಿದು ಬರಬಹುದು. ಅಂದರೆ ಹಂತಗಳನ್ನು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ. ಪುಟ್ಟ ಮಕ್ಕಳು ಒಂದನೇ ಕಾಲ ಹಾಡಲಿ, ಮುಂದಿನ ಬ್ಯಾಚ್ ಎರಡನೇ ಕಾಲ ಹಾಡಲಿ, ದೊಡ್ಡವರು ಅದೇ ಮಾಯಾಮಾಳವಗೌಳದಲ್ಲಿ ಆದಿತಾಳದ ಯಾವುದಾದರೂ ಕೃತಿಯ ಒಂದು ಸಾಲು ಹಾಡಲಿ. ಮೂರು ಆವರ್ತನ, 18 ಸೆಕೆಂಡ್. ರಾಗ ಒಂದೇ, ನಡೆ ಒಂದೇ, ಮುಖಗಳು ಮಾತ್ರ ಬದಲಾಗುತ್ತವೆ. ಸಂಗೀತ ಗೊತ್ತಿಲ್ಲದ ತಾಯಿಗೂ "ಓ, ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ" ಅಂತ ಕಿವಿಯಿಂದಲೇ ಗೊತ್ತಾಗುತ್ತದೆ.

ಕಟ್ ಮಾಡುವುದು ಸಮದ ಮೇಲೆ. ಅರ್ಧ ಅಕ್ಷರ ಆಚೀಚೆ ಆದರೂ ಕಿವಿಗೆ ಎಡವಿದ ಹಾಗೆ ಆಗುತ್ತದೆ.

ಮಲ್ಲಿಗೆ_42

ಮೇಡಂ, ನನ್ನ ಮಗಳಿಗೆ 6 ವರ್ಷ. ಹಾಡೂ ಇಷ್ಟ, ಕುಣಿಯೋದೂ ಇಷ್ಟ. ನಿಮ್ಮಲ್ಲಿ ಎರಡಕ್ಕೂ ಸೇರಿಸಬಹುದಾ? ಒಂದೇ ದಿನ ಎರಡೂ ಕ್ಲಾಸ್ ಇರುತ್ತಾ? ಸೀಟ್ ಇದ್ದರೆ ದಯವಿಟ್ಟು ತಿಳಿಸಿ.

ತಂಬೂರಿ_ಮನೆ

ಅಮ್ಮಾ, ಇಲ್ಲಿ ಸ್ಕ್ರಿಪ್ಟ್ ಬಗ್ಗೆ ಮಾತಾಡ್ತಿದ್ದೀವಿ, ಸೀಟ್ ವಿಷಯಕ್ಕೆ ನಿಮಗೆ ಬೇರೆಯಾಗಿ ಮೆಸೇಜ್ ಮಾಡುತ್ತೇನೆ. ಆದರೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಎರಡೂ ಕ್ಲಾಸ್ ಒಂದೇ ದಿನ ಬರುತ್ತವಾ ಅನ್ನುವುದು ನನ್ನ ಆರು ಸಾಲಿನ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಇಬ್ಬರ_ಅಪ್ಪ

ನಾನೊಂದು ಮಾತು ಹೇಳಲೇಬೇಕು. ನನ್ನ ದೊಡ್ಡ ಮಗ ಎರಡು ವರ್ಷ ಒಬ್ಬ ಟೀಚರ್ ಹತ್ತಿರ ಕಲಿತು ಗೀತೆಗಳ ತನಕ ಬಂದಿದ್ದ. ಮನೆ ಬದಲಾಯಿಸಿದ ಮೇಲೆ ಬೇರೆ ಕಡೆ ಸೇರಿಸಬೇಕಾಯಿತು. ಆ ಅಕಾಡೆಮಿಯ ವಿಡಿಯೋದಲ್ಲಿ "ಇಂಟರ್‌ಮೀಡಿಯೆಟ್ ಬ್ಯಾಚ್, ಶನಿವಾರ" ಅಂತ ಇತ್ತು. ಎರಡು ವರ್ಷ ಆಗಿದೆಯಲ್ಲ, ಇದೇ ಇರಬೇಕು ಅಂದುಕೊಂಡು ಸೇರಿಸಿದೆ. ಅಲ್ಲಿ ಹೋದರೆ ಎಲ್ಲರೂ ವರ್ಣ ಹಾಡುತ್ತಿದ್ದರು. ಇವನು ಸ್ವರಜತಿಯನ್ನೇ ಮುಟ್ಟಿರಲಿಲ್ಲ. ಎರಡು ತಿಂಗಳು ಬಾಯಿ ಆಡಿಸಿಕೊಂಡು ಕೂತಿದ್ದ, ಹಾಡುತ್ತಿರಲಿಲ್ಲ. ಒಂದು ದಿನ ಕಾರಿನಲ್ಲಿ "ಅಪ್ಪಾ, ನಂಗೆ ಬರಲ್ಲ" ಅಂದ. ಆಮೇಲೆ ಬಿಟ್ಟೇಬಿಟ್ಟ. ಈಗ ಕೇಳಿದರೂ ಹಾಡಲ್ಲ.

ಆದ್ದರಿಂದ ಪ್ರಾರಂಭಿಕ, ಮಧ್ಯಮ, ಉನ್ನತ ಅನ್ನುವ ಪದಗಳನ್ನು ದಯವಿಟ್ಟು ಬಿಡಿ. ಒಂದು ಶಾಲೆಯ ಮಧ್ಯಮ ಇನ್ನೊಂದು ಶಾಲೆಯ ಉನ್ನತ. ನಮಗೆ ಅದರಿಂದ ಏನೂ ತಿಳಿಯುವುದಿಲ್ಲ.

ತಂಬೂರಿ_ಮನೆ

ಓದಿ ಮನಸ್ಸಿಗೆ ಬೇಜಾರಾಯಿತು ಸರ್. ಬೇರೆ ಕಡೆಯಿಂದ ಬಂದ ಮಕ್ಕಳನ್ನು ನಾವು ಹತ್ತು ನಿಮಿಷ ಕೇಳಿಯೇ ಬ್ಯಾಚ್‌ಗೆ ಹಾಕುತ್ತೇವೆ. ಆದರೆ ಅದನ್ನು ಸ್ಕ್ರಿಪ್ಟ್‌ನಲ್ಲಿ ಬರೆದೇ ಇಲ್ಲ. ಬರೆಯುತ್ತೇನೆ. ಹಂತದ ಹೆಸರಿನ ಬದಲು ಏನು ಬರಬೇಕು, ಏನು ಕಲಿಸುತ್ತೇವೆ ಅಂತ ಹಾಕಿದರೆ ಹೇಗೆ?

"ಹೊಸಬರು: ಸರಳೆಯಿಂದ ಶುರು"
"ಅಲಂಕಾರ ಮುಗಿಸಿದವರು: ಗೀತೆ, ಸ್ವರಜತಿ"
"ವರ್ಣ ಹಾಡುವವರು: ಕೃತಿಗಳು"

ಇಬ್ಬರ_ಅಪ್ಪ

ಇದು ಅರ್ಥವಾಗುತ್ತದೆ. ಮಗನ ನೋಟ್‌ಬುಕ್ ತೆರೆದು ನೋಡಿ ಯಾವ ಸಾಲು ನಮ್ಮದು ಅಂತ ಹೇಳಬಹುದು.

ಗೆಜ್ಜೆಕಟ್ಟು

ನಾನು ನೃತ್ಯದ ಕಡೆಯವಳು. ನಮ್ಮಲ್ಲೂ ಹೀಗೇ ಬರೆಯಬಹುದು. ಹೊಸಬರಿಗೆ ತಟ್ಟಡವು, ಅಡವುಗಳು ಮುಗಿದವರಿಗೆ ಅಲರಿಪು ಮತ್ತು ಜತಿಸ್ವರ, ಅದರ ಮುಂದಿನವರಿಗೆ ಶಬ್ದ, ವರ್ಣ.

ಆದರೆ ಆದಿತಾಳ ಸರ್ ಹೇಳಿದ ಹಾಗೆ ಪುಟ್ಟ ಮಕ್ಕಳಿಂದ ಶುರು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೂರು ತಿಂಗಳ ಮಕ್ಕಳ ಅರಮಂಡಿ ಪೂರ್ತಿ ಕೂತಿರುವುದಿಲ್ಲ, ಮೊಣಕಾಲು ಮುಂದಕ್ಕೆ ಬರುತ್ತದೆ, ಬೆನ್ನು ಬಾಗುತ್ತದೆ. ಅದು ಆ ಹಂತದಲ್ಲಿ ಸಹಜ. ಗೊತ್ತಿರುವವರು ನೋಡಿದರೆ ಟೀಚರ್ ತಿದ್ದುವುದಿಲ್ಲ ಅಂದುಕೊಳ್ಳುತ್ತಾರೆ. ಮೊದಲು ವೇದಿಕೆಯ ದೃಶ್ಯ, ಆಮೇಲೆ ಕ್ಲಾಸ್ ಇರಲಿ ಅಂತ ನನ್ನ ಅಭಿಪ್ರಾಯ.

ಇಬ್ಬರ_ಅಪ್ಪ

ಟೀಚರ್, ನಾವು ಅಪ್ಪ ಅಮ್ಮಂದಿರು ನೋಡುವುದು ಬೇರೆ ರೀತಿ. ವೇದಿಕೆ ಮೇಲಿನ ಹುಡುಗಿ ಹತ್ತು ವರ್ಷ ಕಲಿತಿರುತ್ತಾಳೆ. ನನ್ನ ಚಿಕ್ಕವಳು ಆ ಜಾಗದಲ್ಲಿ ಕಾಣುವುದೇ ಇಲ್ಲ. ಅವಳಷ್ಟೇ ಇರುವ ಮಗು ತಪ್ಪು ಮಾಡಿಕೊಂಡು ಹೆಜ್ಜೆ ಹಾಕುತ್ತಿದ್ದರೆ ಅಲ್ಲಿ ನಿಲ್ಲುತ್ತೇನೆ.

ಆದಿತಾಳ_8

ಇದಕ್ಕೆ ಒಂದೇ ಉತ್ತರ ಇಲ್ಲ. ಹೊಸಬರೇ ಜಾಸ್ತಿ ಬೇಕಿದ್ದರೆ ಹೊಸಬರಿಂದ ಶುರು, ಬೇರೆ ಕಡೆ ಕಲಿತವರು ಬರಬೇಕಿದ್ದರೆ ವೇದಿಕೆಯಿಂದ ಶುರು ಅಂತ ನಾನು ಮಾಡುತ್ತೇನೆ. ಗೆಜ್ಜೆಕಟ್ಟು ಅವರ ಆತಂಕಕ್ಕೆ ಒಂದು ದಾರಿ ಇದೆ. ಟೀಚರ್ ಮಗುವಿನ ಮೊಣಕಾಲನ್ನು ಕೈಯಿಂದ ಹಿಂದಕ್ಕೆ ತಿದ್ದುವ ಎರಡು ಸೆಕೆಂಡ್ ಸೇರಿಸಿ. ಆಗ ಆ ತಪ್ಪನ್ನು ಟೀಚರ್ ನೋಡುತ್ತಾರೆ ಅನ್ನುವುದು ಎದುರಿಗೇ ಕಾಣುತ್ತದೆ.

ಪೂರ್ತಿ ಜೋಡಣೆ ಹೀಗೆ ಬರುತ್ತದೆ. ಎಂಟು ಆವರ್ತನ, 48 ಸೆಕೆಂಡ್.

1, 2 ಮತ್ತು 3ನೇ ಆವರ್ತನ ಸಂಗೀತದ ಮೂರು ಹಂತ. ಮಾತು ಬೇಡ, ಮೇಲೆ ಬರಹ ಮಾತ್ರ.
4: ಪುಟ್ಟವರ ತಟ್ಟಡವು, ಅರ್ಧ ಆವರ್ತನ ಒಂದನೇ ಕಾಲ, ಇನ್ನರ್ಧ ಎರಡನೇ ಕಾಲ. ಟೀಚರ್ ತಿದ್ದುವ ಶಾಟ್ ಇದರೊಳಗೇ.
5: ಅಲರಿಪು ಬ್ಯಾಚ್‌ನ ಮಕ್ಕಳ ಅಡವು, ಅದೇ ಆದಿತಾಳದಲ್ಲಿ.
6: ವೇದಿಕೆಯ ದೃಶ್ಯ. ಇದೇ ನೃತ್ಯದ ಮೂರನೇ ಹಂತ ಕೂಡ. ಹಾಗಾಗಿ ಬೇರೆ ಜಾಗ ಬೇಕಿಲ್ಲ.
7: ಸಂಗೀತದ ದಿನ, ಸಮಯ.
8: ನೃತ್ಯದ ದಿನ, ಸಮಯ, ಫೋನ್.

ಮಾತು 4, 5, 7, 8ರಲ್ಲಿ ಮಾತ್ರ. ಅಂದರೆ 24 ಸೆಕೆಂಡ್. ನಿಧಾನವಾಗಿ ಹೇಳಿದರೆ ಕನ್ನಡದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಎರಡು ಪದ. ಒತ್ತೊತ್ತಾಗಿ ತುಂಬಬಾರದು, 40 ಪದಕ್ಕೆ ನಿಲ್ಲಿಸಿ. ನಿಮ್ಮ 118 ಪದಕ್ಕೆ ಸುಮಾರು ಒಂದು ನಿಮಿಷ ಬೇಕು. ಉಸಿರು ಸಾಲದೇ ಇದ್ದದ್ದು ಅದಕ್ಕೇ.

6ನೇ ಆವರ್ತನಕ್ಕೆ ವೇದಿಕೆಯ ವಿಡಿಯೋದಿಂದ ಯಾವ ತುಂಡು ತೆಗೆಯುವುದು ಅನ್ನುವುದು ಮುಖ್ಯ. ಎಲ್ಲರೂ ಚೆಂದದ ಭಂಗಿ ಹುಡುಕುತ್ತಾರೆ. ಬದಲಿಗೆ ಒಂದು ಜತಿಯ ತೀರ್ಮಾನ ಹುಡುಕಿ. ಮೂರು ಸಲ ಬಂದು ಸಮಕ್ಕೆ ಬೀಳುವ ಆ ಕೊನೆಯ ತುಂಡು. ಕಾಲು ಸಮಕ್ಕೆ ಬೀಳುತ್ತಿದ್ದ ಹಾಗೇ ಸಮಯದ ಕಾರ್ಡ್ ಬರಲಿ. ನೋಡುವವರಿಗೆ ಏನೋ ಪೂರ್ತಿಯಾದ ಹಾಗೆ ಅನ್ನಿಸುತ್ತದೆ, ಕಾರ್ಡ್ ಓದಲು ಕಣ್ಣು ಬಿಡುವಾಗುತ್ತದೆ.

ತಂಬೂರಿ_ಮನೆ

ಸರ್, ವೇದಿಕೆಯ ವಿಡಿಯೋದ ನಡೆ ಬೇರೆ ಇದೆ. ಮೆಟ್ರೊನೋಮ್ ಹಾಕಿ ನೋಡಿದೆ, 84 ಬರುತ್ತಿದೆ. ಶ್ರುತಿ ನಮ್ಮದು ಐದೂವರೆ ಮನೆ, ಅಲ್ಲಿ ಹಾಡಿದವರದೂ ಅದೇ.

ಆದಿತಾಳ_8

ಶ್ರುತಿ ಒಂದೇ ಆಗಿರುವುದು ನಿಮ್ಮ ಅದೃಷ್ಟ. 84ರಿಂದ 80ಕ್ಕೆ ಇಳಿಸಿದರೆ ನೂರಕ್ಕೆ 5ರಷ್ಟು ನಿಧಾನ, ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ವೇಗ ಇಳಿಸುವಾಗ ಶ್ರುತಿ ಹಾಗೇ ಉಳಿಸುವ ಆಯ್ಕೆ ಆನ್ ಇರಬೇಕು. ಅದು ಆಫ್ ಇದ್ದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಮನೆ ಕೆಳಗೆ ಬೀಳುತ್ತದೆ. ಹಿಂದಿನ ಆವರ್ತನದ ಪಕ್ಕದಲ್ಲಿ ಕೇಳಿದರೆ ತಕ್ಷಣ ಗೊತ್ತಾಗುತ್ತದೆ. ನಡೆ 100 ಇದ್ದಿದ್ದರೆ ಮಾತ್ರ ಬೇಡ ಅನ್ನುತ್ತಿದ್ದೆ. ಅಷ್ಟು ಇಳಿಸಿದರೆ ನೆಗೆತ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ.

ಹಾಡು ರೆಕಾರ್ಡ್ ಮಾಡುವಾಗ ಶ್ರುತಿಪೆಟ್ಟಿಗೆ ಫೋನಿನ ಪಕ್ಕ ಇಡಬೇಡಿ. ಮಕ್ಕಳ ದನಿ ಮುಳುಗುತ್ತದೆ. ಮಕ್ಕಳ ಹಿಂದೆ ಚಿಕ್ಕದಾಗಿ ಇಡಿ, ಅವರಿಗೆ ಕೇಳಿದರೆ ಸಾಕು. ತಂಬೂರವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಎಡಿಟಿಂಗ್‌ನಲ್ಲಿ ಎಂಟೂ ಆವರ್ತನದ ಅಡಿಯಲ್ಲಿ ಒಂದೇ ಸಮ ಹರಿಸಿ. ಕಟ್ ಆದ ಕಡೆಯಲ್ಲೆಲ್ಲ ಅದೇ ಹೊಲಿಗೆ.

ಗೆಜ್ಜೆಕಟ್ಟು

ನಟ್ಟುವಾಂಗದ ತಾಳಕ್ಕೂ ಇದೇ ತೊಂದರೆ ಬರುತ್ತದೆ. ಕಳೆದ ಸಲ ನಾವು ಫೋನನ್ನು ನನ್ನ ಕಾಲ ಬಳಿಯೇ ಇಟ್ಟಿದ್ದೆವು. ತಾಳ ತಟ್ಟಿದಾಗಲೆಲ್ಲ ಚಟ್ ಅಂತ ಒಡೆದ ಸದ್ದು, ಆ ಕ್ಷಣ ನನ್ನ ಸೊಲ್ಲು ಕುಗ್ಗಿ ಹೋಗುತ್ತಿತ್ತು. ಫೋನ್ ತಾನಾಗಿಯೇ ಸದ್ದು ಇಳಿಸಿಕೊಳ್ಳುತ್ತದಂತೆ. ಆಮೇಲೆ ಎರಡು ಫೋನ್ ಇಟ್ಟೆವು. ಒಂದು ದೂರದಲ್ಲಿ ಚಿತ್ರಕ್ಕೆ, ಇನ್ನೊಂದು ನನ್ನಿಂದ ನಾಲ್ಕೈದು ಅಡಿ ಪಕ್ಕಕ್ಕೆ ಸದ್ದಿಗೆ. ಶುರುವಿನಲ್ಲಿ ಕ್ಯಾಮೆರಾಗೆ ಕಾಣುವ ಹಾಗೆ ಒಂದು ಸಲ ತಟ್ಟುಕಳಿ ಹೊಡೆದೆ. ಆ ಏಟಿಗೆ ಎರಡನ್ನೂ ಹೊಂದಿಸಿದರೆ ಆಯಿತು.

ಇನ್ನೊಂದು. ಫೋನನ್ನು ನಿಂತವರ ಕಣ್ಣಿನ ಎತ್ತರಕ್ಕೆ ಹಿಡಿದರೆ ಮಕ್ಕಳ ಕಾಲು ಗಿಡ್ಡವಾಗಿ, ಅರಮಂಡಿ ಇನ್ನೂ ಮೇಲೆ ಇರುವ ಹಾಗೆ ಕಾಣುತ್ತದೆ. ಮಗುವಿನ ಸೊಂಟದ ಎತ್ತರಕ್ಕೆ ಸ್ಟ್ಯಾಂಡ್ ಇಳಿಸಿ. ಪಾದ ಯಾವತ್ತೂ ಚೌಕಟ್ಟಿನೊಳಗೇ ಇರಲಿ. ಉದ್ದನೆಯ ಚೌಕಟ್ಟಿನಲ್ಲಿ ಐದು ಮಕ್ಕಳು ಸಾಲಾಗಿ ನಿಂತರೆ ಕೈ ಚಾಚಲು ಜಾಗವೇ ಸಿಗಲ್ಲ. ಮೂವರನ್ನು ಓರೆಯಾಗಿ ನಿಲ್ಲಿಸಿ.

ಮಕ್ಕಳ ಮುಖ ತೋರಿಸುವ ಮೊದಲು ಮನೆಯವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಹೆಸರು ಹಾಕಬೇಡಿ. ಹಳೇ ವಿದ್ಯಾರ್ಥಿಗಳಿಗೂ ಕೇಳಿ. ವಾರ್ಷಿಕೋತ್ಸವಕ್ಕೆ ಒಪ್ಪಿದ್ದು ಜಾಹೀರಾತಿಗೆ ಒಪ್ಪಿದ ಹಾಗಲ್ಲ.

ಶಾರ್ಟ್_ಸಾಕು

ಹಾಡಿನ ವಿಷಯ ಬಿಟ್ಟೆ, ನೀವು ಹೇಳಿದ್ದು ಸರಿ. ಆದರೆ 48 ಸೆಕೆಂಡ್ ಜಾಸ್ತಿ ಆಯ್ತು ಅಂತ ಈಗಲೂ ಅನ್ನಿಸುತ್ತೆ. ಮತ್ತೆ ಸಮಯದ ಪಟ್ಟಿ ವಿಡಿಯೋದಲ್ಲಿ ಯಾಕೆ? ಕೆಳಗೆ ಬರೆದರೆ ಸಾಲದಾ?

ಆದಿತಾಳ_8

ಉದ್ದದ ಬಗ್ಗೆ ನಾನು ಹಟ ಮಾಡುವುದಿಲ್ಲ. ಮೊದಲ ಆವರ್ತನದಲ್ಲೇ ಬಿಟ್ಟು ಹೋಗುವವರು 15 ಸೆಕೆಂಡಿನ ರೀಲನ್ನೂ ಬಿಟ್ಟು ಹೋಗುತ್ತಾರೆ. ಬೇಕಿದ್ದರೆ 1, 4, 6 ಮತ್ತು ಒಂದು ಕಾರ್ಡ್ ಸೇರಿಸಿ 24 ಸೆಕೆಂಡಿನ ಇನ್ನೊಂದು ಮಾಡಿ, ಎರಡನ್ನೂ ಹಾಕಿ ನೋಡಿ. ಎಲ್ಲ ಕಟ್ ಸಮಕ್ಕೇ ಇರುವುದರಿಂದ ಯಾವ ಆವರ್ತನ ತೆಗೆದರೂ ಜೋಡಣೆ ಒಡೆಯುವುದಿಲ್ಲ.

ಸಮಯ ವಿಡಿಯೋದಲ್ಲೂ ಬೇಕು. ವಿಡಿಯೋ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುವಾಗ ಕೆಳಗಿನ ಬರಹ ಕಳಚಿ ಹೋಗುತ್ತದೆ. ಆದರೆ ಸಮಯವನ್ನು ಬಾಯಲ್ಲಿ ಹೇಳಬೇಡಿ. ಬ್ಯಾಚ್ ಬದಲಾದರೆ ಮತ್ತೆ ರೆಕಾರ್ಡ್ ಮಾಡಬೇಕು. ಬರಹವಾದರೆ ಎರಡು ನಿಮಿಷದ ತಿದ್ದುಪಡಿ. ಕಾರ್ಡಿಗೆ ಮೂರು ಸಾಲು. ಮನಸ್ಸಿನಲ್ಲಿ ಒಂದು ಸಲ ಓದಿ ನೋಡಿ, 6 ಸೆಕೆಂಡಿನಲ್ಲಿ ಮುಗಿದರೆ ಸರಿ. ಪರದೆಯ ಕೆಳಗಡೆ ಮಾತ್ರ ಹಾಕಬೇಡಿ. ಅಲ್ಲಿ ನಿಮ್ಮ ಪೇಜಿನ ಹೆಸರು, ವಿವರ ಬಂದು ಕೂರುತ್ತವೆ. ಬಲಗಡೆ ಗುಂಡಿಗಳಿರುತ್ತವೆ. ನಡುವಿನಲ್ಲೇ ಇರಲಿ.

ತಂಬೂರಿ_ಮನೆ

ಕಾರ್ಡ್ ಹೀಗೆ ಬರೆದೆ. ಮಲ್ಲಿಗೆ ಅಮ್ಮ ಕೇಳಿದ್ದನ್ನೂ ಸೇರಿಸಿದ್ದೇನೆ.

ಸಂಗೀತ
ಹೊಸಬರು: ಮಂಗಳ, ಗುರು, ಸಂಜೆ 5ರಿಂದ 6
ಅಲಂಕಾರ ಮುಗಿಸಿದವರು: ಮಂಗಳ, ಗುರು, ಸಂಜೆ 6ರಿಂದ 7
ವರ್ಣ ಹಾಡುವವರು: ಶನಿ, ಬೆಳಿಗ್ಗೆ 8ರಿಂದ 9.30

ನೃತ್ಯ
ಹೊಸಬರು: ಮಂಗಳ, ಗುರು, ಸಂಜೆ 6ರಿಂದ 7
ಅಡವು ಮುಗಿಸಿದವರು: ಬುಧ, ಶುಕ್ರ, ಸಂಜೆ 6ರಿಂದ 7
ಮುಂದಿನವರು: ಶನಿ, ಬೆಳಿಗ್ಗೆ 10ರಿಂದ 11.30

ಮಾತು ಈಗ 36 ಪದ:

(4) "ಪುಟ್ಟ ಹೆಜ್ಜೆ ಮೊದಲು ನಿಧಾನ. ಮೊಣಕಾಲು, ಬೆನ್ನು, ಕೈ ತಿದ್ದಿದ ಮೇಲೆ ಎರಡನೇ ಕಾಲ."
(5) "ಅಡವು ಗಟ್ಟಿಯಾದ ಮೇಲೆ ಅಲರಿಪು."
(7) "ಬೇರೆ ಕಡೆ ಕಲಿತಿದ್ದೀರಾ? ಬನ್ನಿ, ಹತ್ತು ನಿಮಿಷ ಹಾಡಿಸಿ ಕೇಳಿ, ಸರಿಯಾದ ಬ್ಯಾಚ್ ಹೇಳುತ್ತೇವೆ."
(8) "ಹೊಸಬರಿಗೆ ಹಾಡು ಮುಗಿದ ತಕ್ಷಣ ನೃತ್ಯ, ಅದೇ ದಿನ. ಫೋನ್ ಮಾಡಿ ಬನ್ನಿ."

ಇಬ್ಬರ_ಅಪ್ಪ

(7)ನೇ ಸಾಲು ಅಂದು ಯಾರಾದರೂ ನಮಗೆ ಹೇಳಿದ್ದರೆ ಚೆನ್ನಾಗಿತ್ತು.

ಮಲ್ಲಿಗೆ_42

5ಕ್ಕೆ ಹಾಡು, 6ಕ್ಕೆ ನೃತ್ಯ, ಅಂದರೆ ಒಂದೇ ಸಲ ಬಿಟ್ಟು ಒಂದೇ ಸಲ ಕರಕೊಂಡು ಹೋಗಬಹುದು. ಈಗ ಅರ್ಥ ಆಯ್ತು. ಆದರೆ 6 ವರ್ಷದ ಮಗುವಿಗೆ ಎರಡು ಗಂಟೆ ಒಟ್ಟಿಗೆ ಜಾಸ್ತಿ ಆಗಲ್ವಾ?

ಗೆಜ್ಜೆಕಟ್ಟು

ಕೆಲವು ಮಕ್ಕಳಿಗೆ ಆಗುತ್ತದೆ. ಒಂದು ತಿಂಗಳು ಒಂದನ್ನೇ ಮಾಡಿಸಿ, ಆಮೇಲೆ ನೋಡಿ.

ತಂಬೂರಿ_ಮನೆ

ನಿನ್ನೆ ಮೊದಲ ಆವರ್ತನ ಶೂಟ್ ಮಾಡಿದೆವು. ಒಂದು ತೊಡಕು. ಪುಟ್ಟ ಮಕ್ಕಳಿಗೆ 80ರ ನಡೆ ಹಿಡಿಯುತ್ತಿಲ್ಲ. ಪ ದ ನಿ ಕಡೆಗೆ ಬರುವಾಗ ಉಸಿರು ತಗೊಂಡು ಹಿಂದೆ ಬೀಳುತ್ತಾರೆ. ನಾಲ್ಕು ಸಲ ತೆಗೆದರೂ ಆರೂವರೆ ಸೆಕೆಂಡಿನ ಮೇಲೆಯೇ ಬಂತು. ಬಲವಂತ ಮಾಡಿದರೆ ಮುಖದಲ್ಲಿ ನಗು ಹೋಗುತ್ತದೆ.

ಆದಿತಾಳ_8

ಬಲವಂತ ಬೇಡವೇ ಬೇಡ. ಮಕ್ಕಳು ಎಲ್ಲಿ ಸುಖವಾಗಿ ಹಾಡುತ್ತಾರೋ ಅದೇ ಇಡೀ ರೀಲಿನ ನಡೆ ಆಗಲಿ. 72 ಇಟ್ಟರೆ ಆವರ್ತನಕ್ಕೆ 6.7 ಸೆಕೆಂಡ್ ಹತ್ತಿರ, ಒಟ್ಟು 53 ಸೆಕೆಂಡ್ ಚಿಲ್ಲರೆ. ತೊಂದರೆ ಇರುವುದು ವೇದಿಕೆಯ ತುಂಡಿನಲ್ಲಿ. 84ರಿಂದ 72ಕ್ಕೆ ಇಳಿಸಿದರೆ ನೂರಕ್ಕೆ 14ರಷ್ಟು ನಿಧಾನ, ತೀರ್ಮಾನದಲ್ಲಿ ಕಾಲು ಎಳೆದ ಹಾಗೆ ಕಾಣುತ್ತದೆ. ಅದರ ನಡೆ ಮುಟ್ಟಬೇಡಿ. 5ನೇ ಆವರ್ತನ ಮುಗಿದ ಮೇಲೆ ಒಂದು ಅಕ್ಷರದಷ್ಟು ತಂಬೂರ ಮಾತ್ರ ಕೇಳಲಿ, ಆಮೇಲೆ ವೇದಿಕೆಯ ತುಂಡು ತನ್ನದೇ ನಡೆಯಲ್ಲಿ ಬರಲಿ. ನಡುವೆ ಉಸಿರು ಇದ್ದರೆ ನಡೆ ಬದಲಾದದ್ದು ಕಿವಿಗೆ ಚುಚ್ಚುವುದಿಲ್ಲ.

ಗೆಜ್ಜೆಕಟ್ಟು

ಇಲ್ಲವೇ ಅದೇ ಹುಡುಗಿಯನ್ನು ಕ್ಲಾಸಿಗೆ ಕರೆಸಿ, ಅದೇ ತೀರ್ಮಾನವನ್ನು 72ರಲ್ಲಿ ಮಾಡಿಸಿ. ಅಲಂಕಾರ ಇಲ್ಲದೆ, ಅಭ್ಯಾಸದ ಸೀರೆಯಲ್ಲೇ. ನಿಧಾನದಲ್ಲಿ ತೀರ್ಮಾನ ಹಿಡಿಯುವುದು ಇನ್ನೂ ಕಷ್ಟ, ಅವಳ ಅರಮಂಡಿ ಚೆನ್ನಾಗಿ ಕಾಣುತ್ತದೆ.

ತಂಬೂರಿ_ಮನೆ

ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹುಡುಗಿ ಶನಿವಾರ ಬೆಳಿಗ್ಗೆ ಬರುತ್ತೇನೆ ಅಂದಿದ್ದಾಳೆ, ಅವಳ ಮನೆಯವರ ಒಪ್ಪಿಗೆ ಪತ್ರವೂ ಬಂದಿದೆ. 72ಕ್ಕೆ ಮೆಟ್ರೊನೋಮ್ ಇಟ್ಟು ಪುಟ್ಟವರನ್ನು ಇವತ್ತು ಮತ್ತೆ ಹಾಡಿಸಿದೆ. ಎರಡನೇ ಸಲಕ್ಕೇ ಮೇಲಿನ ಸ ಸರಿಯಾಗಿ ನಿಂತಿತು.